ಕಿಡಿಗೂ ಕಣ್ಣಿಗೂ ನಡುವೆ ಎರಡು ಮಿಲಿಮೀಟರ್

ಶಿವಮೊಗ್ಗದ ವಿದ್ಯಾನಗರ ದಾಟಿ ಭದ್ರಾವತಿಯತ್ತ ಹೊರಟರೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಭದ್ರಾವತಿಯಲ್ಲಂತೂ 1923ರಿಂದ ಕಬ್ಬಿಣ ಕರಗಿದೆ. ಎರಕದ ತುಂಡು ಅಚ್ಚಿನಿಂದ ಹೊರಬಂದ ಮೇಲೆ ಅದರ ಅಂಚಿನ ಹೆಚ್ಚುವರಿ ಲೋಹವನ್ನು ಗ್ರೈಂಡರಿನಿಂದ ಉಜ್ಜಿ ತೆಗೆಯಬೇಕು. ಫೌಂಡ್ರಿಯವರು ಇದಕ್ಕೆ ಫೆಟ್ಲಿಂಗ್ ಎನ್ನುತ್ತಾರೆ. ಕಣ್ಣಿಗೆ ಅಪಾಯ ಒಡ್ಡುವ ಕೆಲಸಗಳಲ್ಲಿ ಇದೂ ಒಂದು. ನಾಲ್ಕು ಇಂಚಿನ ಗ್ರೈಂಡರಿನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಸಿಡಿದ ಚೂರು ಅರ್ಧ ಮೀಟರ್ ದೂರದ ಮುಖವನ್ನು ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಮುಟ್ಟಬಲ್ಲದು. ರೆಪ್ಪೆ ಮುಚ್ಚಿಕೊಳ್ಳಲು ಅದರ ಹತ್ತು ಪಟ್ಟು ಹೊತ್ತು ಬೇಕು. ಆದ್ದರಿಂದ ಕಣ್ಣಿನ ಮುಂದೆ ಏನಾದರೂ ಮೊದಲೇ ಇರಬೇಕು, ಪಾಳಿಯ ಉದ್ದಕ್ಕೂ ಇರಬೇಕು. ಸುರಕ್ಷತಾ ಕನ್ನಡಕವನ್ನು ಅಳೆಯಬೇಕಾದ ಮುಖ್ಯ ಮಾನದಂಡ ಈ ಎರಡನೆಯ ಮಾತು. ಎಷ್ಟೇ ಗಟ್ಟಿಯಾದ ಗ್ಲಾಸು ಹಣೆಯ ಮೇಲೋ ಜೇಬಿನಲ್ಲೋ ಇದ್ದರೆ ಅದರ ಗಟ್ಟಿತನ ಸೊನ್ನೆ.

ಕನ್ನಡಕವನ್ನು ಹಣೆಗೇರಿಸಲು ದೊಡ್ಡ ಕಾರಣಗಳಲ್ಲೊಂದು, ಅದರಲ್ಲಿ ಕಣ್ಣಿಗೆ ಬೇಕಾದ ಪವರ್ ಇಲ್ಲದಿರುವುದು. ನಲವತ್ತು ದಾಟಿದವರಿಗೆ ಚಾಳೀಸು ಬರುತ್ತದೆ. ತೋಳಳತೆಯಲ್ಲಿರುವ ವರ್ನಿಯರಿನ ಗೆರೆ ಮಸುಕಾಗುತ್ತದೆ. ಪವರ್ ಇಲ್ಲದ ಸುರಕ್ಷತಾ ಕನ್ನಡಕ ಕೊಟ್ಟರೆ ಅವರು ಅದನ್ನು ತೆಗೆದಿಟ್ಟು ತಮ್ಮ ಸ್ವಂತ ಕನ್ನಡಕ ಹಾಕಿಕೊಳ್ಳುತ್ತಾರೆ, ಮೈನಸ್ ಪವರಿನವರಾದರೆ ಗೆರೆ ಕಾಣಲೆಂದು ಕೆಲಸದ ಮೇಲೆ ಬಗ್ಗುತ್ತಾರೆ. ಮೊದಲನೆಯದರಲ್ಲಿ ರಕ್ಷಣೆ ಹೋಯಿತು, ಎರಡನೆಯದರಲ್ಲಿ ಮುಖವೇ ಕಿಡಿಯ ಹತ್ತಿರ ಹೋಯಿತು.

ಓದುವ ಕನ್ನಡಕವೇ ಸಾಕಲ್ಲ, ಅದೂ ಕಣ್ಣಿನ ಮುಂದೆಯೇ ಇರುತ್ತದಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಪರೀಕ್ಷೆಯಲ್ಲಿದೆ. ಅಮೆರಿಕದ ಝಡ್ 87 ಎಂಬ ಮಾನದಂಡದ ಪ್ರಕಾರ ಹೆಚ್ಚಿನ ಆಘಾತ ತಡೆಯುವ ಕನ್ನಡಕಕ್ಕೆ ಕಾಲು ಇಂಚಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಯುರೋಪಿನ ಹಿಂದಿನ ಮಾನದಂಡದಲ್ಲಿ ಎಫ್ ಗುರುತು ಪಡೆಯಲು ಆರು ಮಿಲಿಮೀಟರಿನ ಗುಂಡು, ಹೆಚ್ಚುಕಡಿಮೆ ಅದೇ ವೇಗ ಇತ್ತು. ಗ್ಲಾಸು ಒಡೆಯಬಾರದು, ಫ್ರೇಮಿನಿಂದ ಕಳಚಬಾರದು. ಚಕ್ರದ ಅಂಚಿನ ವೇಗ ಇದಕ್ಕಿಂತ ಹೆಚ್ಚಿದೆಯಲ್ಲ ಎಂದರೆ, ಪೆಟ್ಟಿನ ಬಲ ವೇಗವೊಂದರಿಂದಲೇ ಬರುವುದಿಲ್ಲ, ತೂಕವೂ ಸೇರಬೇಕು. ಆ ಗುಂಡಿನ ತೂಕ ಸುಮಾರು ಒಂದು ಗ್ರಾಂ. ಒಂದು ಮಿಲಿಮೀಟರ್ ಅಗಲದ ಕಬ್ಬಿಣದ ಚೂರಿನದು ಎಂಟು ಮಿಲಿಗ್ರಾಂ. ಚೂರು 58 ಮೀಟರ್ ವೇಗದಲ್ಲಿ ಬಂದರೂ ಪರೀಕ್ಷೆಯ ಗುಂಡಿನ ಶಕ್ತಿ ಅದರ ಸುಮಾರು 80 ಪಟ್ಟು. ಹಾಗಾಗಿ ಚೂರಿನ ಮಟ್ಟಿಗೆ ನೆಮ್ಮದಿಯಿಂದಿರಬಹುದು. ಆದರೆ ಚಕ್ರವೇ ಒಡೆದು ಹತ್ತು ಗ್ರಾಮಿನ ತುಣುಕು ಹಾರಿದರೆ ಅದರ ಶಕ್ತಿ ಗುಂಡಿನದಕ್ಕಿಂತ ಸುಮಾರು ಹದಿನೈದು ಪಟ್ಟು. ಅದನ್ನು ತಡೆಯುವುದು ಕನ್ನಡಕದ ಕೆಲಸವಲ್ಲ. ಗ್ರೈಂಡರಿನ ಗಾರ್ಡ್ ಜಾಗದಲ್ಲಿರಬೇಕು, ಕನ್ನಡಕದ ಮೇಲೆ ಮುಖಕವಚವೂ ಬೇಕು.

ಅಂಗಡಿಯ ಸಾಮಾನ್ಯ ಪ್ಲಾಸ್ಟಿಕ್ ಗ್ಲಾಸು ಇಂಥ ಪೆಟ್ಟಿಗೆ ಸೀಳಬಹುದು. ಮೈನಸ್ ಪವರಿನದಾದರೆ ನಡುಭಾಗವೇ ತೆಳು, ಕಣ್ಣಿನ ಪಾಪೆ ಇರುವುದೂ ಅಲ್ಲಿಯೇ. ಪಾಲಿಕಾರ್ಬೊನೇಟ್ ಒಡೆಯುವ ಬದಲು ಬಾಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಝಡ್ 87ರ ಹೆಚ್ಚಿನ ಆಘಾತದ ದರ್ಜೆಯಲ್ಲಿ ಪವರ್ ಗ್ಲಾಸು ಎರಡು ಮಿಲಿಮೀಟರಿಗಿಂತ ತೆಳುವಾಗಿರಬಾರದು. ಹಾಗಾದರೆ ಈಗಿರುವ ಫ್ರೇಮಿಗೇ ಪಾಲಿಕಾರ್ಬೊನೇಟ್ ಹಾಕಿಸಿದರೆ ಆಗದೇ? ಆಗದು. ಗ್ಲಾಸು ಒಡೆಯದಿದ್ದರೂ ತೆಳುವಾದ ಫ್ರೇಮಿನಿಂದ ಹಿಂದಕ್ಕೆ ಕಳಚಿ ಕಣ್ಣಿಗೇ ಬಡಿಯಬಹುದು. ಸುರಕ್ಷತಾ ಫ್ರೇಮಿನಲ್ಲಿ ಗ್ಲಾಸನ್ನು ಹಿಡಿಯುವ ಕಚ್ಚು ಆಳವಾಗಿರುತ್ತದೆ, ಫ್ರೇಮೂ ಪರೀಕ್ಷೆಗೊಳಗಾಗಿರುತ್ತದೆ. ಪವರ್ ಗ್ಲಾಸಿಗೆಂದು ಮಾಡಿದ ಇಂಥ ಫ್ರೇಮಿನ ಮೇಲೆ ಝಡ್ 87-2 ಎಂದು ಇದ್ದು, ಹೆಚ್ಚಿನ ಆಘಾತದ್ದಾದರೆ ಪಕ್ಕದಲ್ಲಿ ಕೂಡಿಸುವ ಗುರುತೂ ಇರುತ್ತದೆ. ಯುರೋಪಿನ ನಿಯಮ ಇನ್ನೂ ಸ್ಪಷ್ಟ: ಗ್ಲಾಸಿನ ದರ್ಜೆ ಒಂದು, ಫ್ರೇಮಿನ ದರ್ಜೆ ಇನ್ನೊಂದು ಆಗಿದ್ದರೆ ಇಡೀ ಕನ್ನಡಕಕ್ಕೆ ಸಲ್ಲುವುದು ಕೆಳಗಿನ ದರ್ಜೆ. ನಮ್ಮ ದೇಶದ ಮಾನದಂಡ ಐಎಸ್ 5983.

ಕಿಡಿ ಎದುರಿನಿಂದಲೇ ಬರುತ್ತದೆಂಬ ನಂಬಿಕೆ ಇನ್ನೊಂದು ತಪ್ಪು. ಅದು ಮೇಜಿಗೆ, ಗೋಡೆಗೆ, ಕೆನ್ನೆಗೆ ಬಡಿದು ಪುಟಿಯುತ್ತದೆ. ಎಷ್ಟೋ ಸಲ ಪಕ್ಕದಲ್ಲಿ ಗ್ರೈಂಡ್ ಮಾಡುತ್ತಿರುವವರ ಚಕ್ರದಿಂದ ಬರುತ್ತದೆ. ಅದಕ್ಕಾಗಿಯೇ ಕಿವಿಯ ಕಡೆಯ ತೆರವನ್ನು ಮುಚ್ಚುವ ಸೈಡ್ ಶೀಲ್ಡ್. ಕಳಚಿಡಬಹುದಾದ ಶೀಲ್ಡ್ ಒಂದಲ್ಲ ಒಂದು ದಿನ ಡ್ರಾಯರಿನಲ್ಲೇ ಉಳಿಯುತ್ತದೆ. ಫ್ರೇಮಿಗೇ ಸೇರಿರುವುದು ಒಳ್ಳೆಯದು. ಕನ್ನಡಕ ಹಾಕಿಕೊಂಡು ಹುಬ್ಬಿನ ಕಡೆ, ಕೆನ್ನೆಯ ಕಡೆ ಫ್ರೇಮಿನ ಸಂದಿಯಲ್ಲಿ ಕಿರುಬೆರಳು ತೂರಿಸಿ ನೋಡಿ. ಬೆರಳು ಸಲೀಸಾಗಿ ಹೋದರೆ ಚೂರಿಗೂ ದಾರಿ ಇದೆ.

ಇಷ್ಟು ಮುಚ್ಚಿದ ಮೇಲೆ ಮಲೆನಾಡಿನ ಮಳೆಗಾಲದಲ್ಲಿ ಗ್ಲಾಸಿಗೆ ಆವಿ ಕಟ್ಟುತ್ತದೆ. ಇದು ಕಾರ್ಮಿಕರ ನೆಪವಲ್ಲ, ಭೌತಶಾಸ್ತ್ರ. ಬೆವರಿನಿಂದ, ಮಾಸ್ಕಿನ ಮೇಲಂಚಿನಿಂದ ನುಗ್ಗುವ ಉಸಿರಿನಿಂದ ಕಣ್ಣಿನ ಸುತ್ತಲಿನ ಗಾಳಿ ತೇವದಿಂದ ತುಂಬುತ್ತದೆ. ಅದಕ್ಕಿಂತ ತಣ್ಣಗಿರುವ ಗ್ಲಾಸಿನ ಮೇಲೆ ಆ ತೇವ ಸಾವಿರಾರು ಸಣ್ಣ ಹನಿಗಳಾಗಿ ಕೂತು ಬೆಳಕನ್ನು ಚದುರಿಸುತ್ತದೆ. ಜುಲೈಯಲ್ಲಿ ಹೊರಗಿನ ಗಾಳಿಯೇ ತೇವವಾಗಿರುವುದರಿಂದ ಆವಿ ಬೇಗ ಆರುವುದೂ ಇಲ್ಲ. ಆವಿ ತಡೆಯುವ ಲೇಪನ ತೇವವನ್ನು ನಿಲ್ಲಿಸುವುದಿಲ್ಲ. ಹನಿಗಳನ್ನು ಹರಡಿ ಒಂದೇ ತೆಳು ಪದರವಾಗಿಸುತ್ತದೆ, ಅದರ ಮೂಲಕ ನೋಟ ಸರಾಗ. ಅಂಗಿಯ ಅಂಚಿನಿಂದ ಒಣಗಿರುವಾಗಲೇ ಒರೆಸಿದರೆ ಲೋಹದ ಪುಡಿ ಆ ಲೇಪನವನ್ನೂ ಗ್ಲಾಸನ್ನೂ ಗೀರುತ್ತದೆ. ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಗ್ಲಾಸಿನ ಮೇಲೆ ಉಸಿರು ಬಿಟ್ಟಾಗ ಬಿಳಿ ಮಬ್ಬು ಮೂಡಿದರೆ ಲೇಪನ ಸವೆದಿದೆ ಎಂದರ್ಥ. ಸೈಡ್ ಶೀಲ್ಡಿನಲ್ಲಿ ಚೂರು ನೇರವಾಗಿ ತೂರದಂತೆ ಓರೆಯಾದ ಗಾಳಿಕಿಂಡಿ ಇರಬೇಕು, ಮಾಸ್ಕಿನ ಮೂಗಿನ ತಂತಿಯನ್ನು ಒತ್ತಿ ಕೂರಿಸಬೇಕು.

ಸ್ವಂತ ಕನ್ನಡಕದ ಮೇಲೆ ಹಾಕುವ ದೊಡ್ಡ ಗಾಗಲ್ ಅಗ್ಗವಲ್ಲವೇ ಎಂದು ಮಾಲೀಕರು ಕೇಳಬಹುದು. ಹತ್ತು ನಿಮಿಷದ ಕೆಲಸಕ್ಕೆ, ಕಾರ್ಖಾನೆ ನೋಡಲು ಬಂದವರಿಗೆ ಅದು ಸರಿ. ಎಂಟು ಗಂಟೆಯ ಪಾಳಿಯಲ್ಲಿ ಎರಡು ಗ್ಲಾಸು ಎಂದರೆ ಆವಿ ಕಟ್ಟಲು ನಾಲ್ಕು ಮೈ, ಮೂಗಿನ ಮೇಲೆ ಎರಡು ಭಾರ. ಮಧ್ಯಾಹ್ನದ ಹೊತ್ತಿಗೆ ಅದು ಹಣೆಗೇರುತ್ತದೆ. ಖರ್ಚಿನ ಮಾತಿಗೆ ಕಾನೂನೇ ಉತ್ತರ ಹೇಳಿದೆ. 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮು ಚೂರು ಸಿಡಿಯುವ ಕೆಲಸಗಳಲ್ಲಿ ಕಣ್ಣಿನ ರಕ್ಷಣೆಯ ಬಗ್ಗೆ ಹೇಳಿತು. ಅದೇ ಕಾಯ್ದೆಯ 114ನೇ ಕಲಮು ಮಾಲೀಕರು ಒದಗಿಸಬೇಕಾದ ಸೌಲಭ್ಯಕ್ಕೆ ಕಾರ್ಮಿಕರಿಂದ ಹಣ ವಸೂಲು ಮಾಡಬಾರದೆಂದಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯದೂ ಇದೇ ನಿಲುವು. ಅದರ ವ್ಯಾಪ್ತಿಗೆ ಬಾರದ ಸಣ್ಣ ಗ್ಯಾರೇಜುಗಳಲ್ಲೂ ಕಿಡಿಯ ವೇಗವೇನೂ ಕಡಿಮೆಯಲ್ಲ.

ಆದ್ದರಿಂದ ಮುಂದಿನ ಸಲ ಕಣ್ಣು ಪರೀಕ್ಷೆ ಮಾಡಿಸುವಾಗ ಕೆಲಸ ಎಷ್ಟು ದೂರದಲ್ಲಿದೆ ಎಂಬುದನ್ನು ಅಳೆದುಕೊಂಡು ಹೋಗಿ ಹೇಳಿ. ಪಾಲಿಕಾರ್ಬೊನೇಟ್ ಗ್ಲಾಸು, ಗುರುತಿರುವ ಫ್ರೇಮು, ಸೇರಿಕೊಂಡ ಸೈಡ್ ಶೀಲ್ಡ್, ಆವಿ ತಡೆಯುವ ಲೇಪನ, ಈ ನಾಲ್ಕನ್ನೂ ಒಟ್ಟಿಗೇ ಕೇಳಿ. ಇವುಗಳಲ್ಲಿ ಒಂದನ್ನು ಬಿಟ್ಟರೂ ಉಳಿದ ಮೂರು ಕೆಲಸಕ್ಕೆ ಬಾರದೆ ಹೋಗಬಹುದು.