ಫೋಟೊ ನೋಡಿ ನಕಲಿ ಮಾತ್ರೆ ಗುರುತಿಸಬಹುದೇ?

ಪ್ರಶ್ನೆ: ಅಪ್ಪನ ಬಿಪಿ ಮಾತ್ರೆಯ ಫೋಟೊವನ್ನು ಊರಿನಿಂದ ಕಳಿಸಿದ್ದಾರೆ. ಅಕ್ಷರ ಮಸುಕಾಗಿವೆ. ನಕಲಿ ಇರಬಹುದೇ?
– ಓದುಗರೊಬ್ಬರು, ತಿಂಥಣಿ, ಸುರಪುರ ತಾಲ್ಲೂಕು

ಉತ್ತರ: ವಾಟ್ಸಾಪ್‌ನಲ್ಲಿ ಬಂದ ಫೋಟೊವೇ ಮಸುಕಾಗಿರಬಹುದು. ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದು, 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ.

ಸ್ಟ್ರಿಪ್ ಮೇಲೆ ಎರಡು ಬಗೆಯ ಮುದ್ರಣ ಇರುತ್ತದೆ. ಔಷಧದ ಹೆಸರು, ಅಂಶಗಳು, ಕಂಪನಿಯ ವಿಳಾಸ ಫಾಯಿಲ್ ಮೇಲೆ ಮೊದಲೇ ಅಚ್ಚಾಗಿರುತ್ತವೆ. ಬ್ಯಾಚ್ ನಂಬರ್, ತಯಾರಿಕೆ ಮತ್ತು ಅವಧಿಯ ದಿನಾಂಕಗಳನ್ನು ಸಾಮಾನ್ಯವಾಗಿ ಪ್ಯಾಕ್ ಮಾಡುವಾಗ ಒತ್ತುತ್ತಾರೆ. ಈ ಎರಡನೆಯದು ಅಸಲಿಯಲ್ಲೂ ತುಸು ಸೊಟ್ಟಗಿರಬಹುದು. ಆದರೆ ಬ್ಯಾಚ್ ನಂಬರ್ ಸ್ಪಷ್ಟವಾಗಿದ್ದು ಪಕ್ಕದ ಹೆಸರೇ ಮಸುಕಾಗಿದ್ದರೆ, ಅಥವಾ 'ಟ್ಯಾಬ್ಲೆಟ್ಸ್' ಎಂಬುದರಲ್ಲೇ ಒಂದು ಅಕ್ಷರ ತಪ್ಪಿದ್ದರೆ ಅನುಮಾನ ಪಡಲೇಬೇಕು. ಡಬ್ಬಿ, ಸ್ಟ್ರಿಪ್ ಎರಡರ ಬ್ಯಾಚ್ ನಂಬರೂ ಒಂದೇ ಇರಬೇಕು.

ಹಾಗೆಂದು ಮುದ್ರಣ ಚೆನ್ನಾಗಿದ್ದರೆ ಅಸಲಿ ಎನ್ನಲಾಗದು. 2024ರಲ್ಲಿ ನಿಮ್ಮ ನೆರೆಯ ತೆಲಂಗಾಣದಲ್ಲಿ ಸಿಕ್ಕ ನಕಲಿ ಮಾತ್ರೆಗಳಲ್ಲಿ ಸೀಮೆಸುಣ್ಣದ ಪುಡಿ, ಪಿಷ್ಟ ಇದ್ದವು. ಲೇಬಲ್ ಮೇಲೆ ಹಿಮಾಚಲದ ವಿಳಾಸವಿತ್ತು, ಆ ಕಂಪನಿಯೇ ಇರಲಿಲ್ಲ! 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ನಿಮ್ಮದು ಆ ಪಟ್ಟಿಯಲ್ಲಿದ್ದರೆ ಸ್ಕ್ಯಾನ್ ಮಾಡಿ, ಬರುವ ಬ್ಯಾಚ್ ನಂಬರನ್ನು ಸ್ಟ್ರಿಪ್ಪಿನದರೊಂದಿಗೆ ಹೋಲಿಸಿ. ಕೋಡನ್ನೂ ನಕಲು ಮಾಡಬಹುದು, ಆದ್ದರಿಂದ ಕೊನೆಯ ತೀರ್ಪು ಪ್ರಯೋಗಾಲಯದ್ದೇ.

ಅನುಮಾನ ಉಳಿದರೆ ಸ್ಟ್ರಿಪ್ಪನ್ನು ಬಿಸಾಡಬೇಡಿ. ಬಿಲ್ ಸಮೇತ ಜಿಲ್ಲೆಯ ಡ್ರಗ್ ಇನ್‌ಸ್ಪೆಕ್ಟರ್‌ಗೆ ಒಪ್ಪಿಸಿ. ಅಪ್ಪನ ಮಾತ್ರೆ ಮಾತ್ರ ಒಂದು ದಿನವೂ ತಪ್ಪದಂತೆ, ವೈದ್ಯರಿಗೆ ತಿಳಿಸಿ ಬೇರೆ ಅಂಗಡಿಯಿಂದ ತರಿಸಿಕೊಡಿ.