ಹಿಂದಿನ ಬಾಕಿ ಹೊರಬೇಕೋ, ಬಿಡಬೇಕೋ?

ಒಂದು ಅಂಗಡಿಯ ಒಂಬತ್ತು ದಿನಗಳ ಲಾಭ-ನಷ್ಟ, ಸಾವಿರ ರೂಪಾಯಿಗಳ ಲೆಕ್ಕದಲ್ಲಿ, ಹೀಗಿದೆ ಎಂದುಕೊಳ್ಳಿ: 4, -7, 3, 5, -2, 6, -9, 4, 1. ಯಾವ ದಿನದಿಂದ ಯಾವ ದಿನದವರೆಗಿನ ವ್ಯಾಪಾರ ಅತಿ ಹೆಚ್ಚು ಲಾಭ ತಂದಿತು? ನಡುವಿನ ಒಂದು ದಿನವನ್ನೂ ಬಿಡುವಂತಿಲ್ಲ, ಸಾಲಾಗಿಯೇ ಕೂಡಬೇಕು. ನಷ್ಟದ ದಿನವೇ ಇಲ್ಲದಿದ್ದರೆ ಎಲ್ಲವನ್ನೂ ಕೂಡಿದರೆ ಮುಗಿಯಿತು. ನಷ್ಟದ ದಿನಗಳಿರುವುದರಿಂದಲೇ ತಲೆನೋವು. ಮುಂದೆ ಬರುವ ಲಾಭದ ಆಸೆಗೆ ನಡುವಿನ ನಷ್ಟವನ್ನು ಎಷ್ಟರ ಮಟ್ಟಿಗೆ ಸಹಿಸಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಪ್ರತಿ ದಿನದಿಂದಲೂ ಶುರುಮಾಡಿ, ಮುಂದಿನ ಪ್ರತಿ ದಿನದವರೆಗೂ ಕೂಡಿ ನೋಡುವುದು. ಒಂಬತ್ತು ದಿನಗಳಿಗೆ ಇಂಥ 45 ತುಂಡುಗಳು ಸಿಗುತ್ತವೆ. ಪಟ್ಟಿಯಲ್ಲಿ ಒಂದು ಲಕ್ಷ ಸಂಖ್ಯೆಗಳಿದ್ದರೆ ತುಂಡುಗಳು ಸುಮಾರು 500 ಕೋಟಿ.

ಈ ಲೆಕ್ಕ ಹುಟ್ಟಿದ್ದು ಅಂಗಡಿಯಲ್ಲಲ್ಲ. 1977ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಉಲ್ಫ್ ಗ್ರೆನಾಂಡರ್ ಅವರಿಗೆ ಡಿಜಿಟಲ್ ಚಿತ್ರಗಳಲ್ಲಿ ವಿನ್ಯಾಸ ಗುರುತಿಸುವ ಕೆಲಸದಲ್ಲಿ ಇದು ಎದುರಾಯಿತು. ಅವರಿಗೆ ಬೇಕಾಗಿದ್ದದ್ದು ಸಂಖ್ಯೆಗಳ ಚೌಕದೊಳಗೆ ಅತಿ ದೊಡ್ಡ ಮೊತ್ತದ ಆಯತ. ಅದಕ್ಕೆ ವಿಪರೀತ ಸಮಯ ಹಿಡಿಯುತ್ತಿದ್ದುದರಿಂದ, ಸಮಸ್ಯೆಯ ಒಳಗುಟ್ಟು ಅರಿಯಲು ಒಂದೇ ಸಾಲಿಗೆ ಇಳಿಸಿಕೊಂಡರು. ಸುದ್ದಿ ಕೇಳಿದ ಮೈಕೇಲ್ ಶೇಮಸ್ ಒಂದೇ ರಾತ್ರಿಯಲ್ಲಿ, ಪಟ್ಟಿಯನ್ನು ಅರ್ಧರ್ಧ ಸೀಳುತ್ತಾ ಹೋಗುವ ಚುರುಕಾದ ವಿಧಾನ ಕಂಡುಕೊಂಡರು. ಅದಕ್ಕಿಂತ ವೇಗ ಸಾಧ್ಯವಿಲ್ಲ ಎಂದೇ ಅನಿಸಿತ್ತು. ಆಮೇಲೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಅವರು ಇದನ್ನು ವಿವರಿಸಿದಾಗ, ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಜೇ ಕಡೇನ್ ಒಂದು ನಿಮಿಷದೊಳಗೆ ಪಟ್ಟಿಯನ್ನು ಒಂದೇ ಸಲ ಓದಿ ಮುಗಿಸುವ ಉಪಾಯ ಹೇಳಿದರು. ಈ ಕಥೆಯನ್ನು 1984ರಲ್ಲಿ ತಮ್ಮ ಅಂಕಣದಲ್ಲಿ ಬರೆದು ಎಲ್ಲರಿಗೂ ತಲುಪಿಸಿದವರು ಜಾನ್ ಬೆಂಟ್ಲಿ.

ಕಡೇನ್ ಅವರ ಉಪಾಯ ಪ್ರತಿ ದಿನ ಒಂದೇ ಪ್ರಶ್ನೆ ಕೇಳುತ್ತದೆ: ಇವತ್ತಿಗೆ ಮುಗಿಯುವ ತುಂಡುಗಳಲ್ಲಿ ಅತಿ ದೊಡ್ಡ ಮೊತ್ತ ಎಷ್ಟು? ಉತ್ತರ ಎರಡರಲ್ಲಿ ಒಂದು. ನಿನ್ನೆಯವರೆಗಿನ ಮೊತ್ತಕ್ಕೆ ಇವತ್ತಿನದನ್ನು ಸೇರಿಸಬೇಕು, ಇಲ್ಲವೇ ಹಿಂದಿನದನ್ನು ಬಿಟ್ಟು ಇವತ್ತಿನಿಂದಲೇ ಶುರುಮಾಡಬೇಕು. ಹಿಂದಿನ ಮೊತ್ತ ಸೊನ್ನೆಗಿಂತ ಕಡಿಮೆಯಿದ್ದರೆ ಅದನ್ನು ಹೊತ್ತು ಪ್ರಯೋಜನವಿಲ್ಲ.

ನಮ್ಮ ಪಟ್ಟಿಯಲ್ಲೇ ನೋಡೋಣ. ಮೊದಲ ದಿನ 4. ಎರಡನೆಯ ದಿನ ಅದು -3ಕ್ಕೆ ಇಳಿಯಿತು. ಮೂರನೆಯ ದಿನ ಆ ಸಾಲವನ್ನು ಹೊತ್ತರೆ 0, ಬಿಟ್ಟರೆ 3, ಆದ್ದರಿಂದ ಬಿಟ್ಟೆವು. ಮುಂದೆ 8. ಐದನೆಯ ದಿನದ ನಷ್ಟದಿಂದ 6ಕ್ಕೆ ಇಳಿದರೂ ಕೈಯಲ್ಲಿ ಇನ್ನೂ ಲಾಭವಿದೆ, ಹಾಗಾಗಿ ಕೈಬಿಡುವುದಿಲ್ಲ. ಆರನೆಯ ದಿನ 12. ಏಳನೆಯ ದಿನದ ದೊಡ್ಡ ಪೆಟ್ಟಿಗೆ 3, ಆಮೇಲೆ 7, ಕೊನೆಗೆ 8. ದಾರಿಯಲ್ಲಿ ಕಂಡ ಅತಿ ದೊಡ್ಡದು 12, ಅದೇ ಉತ್ತರ. ಮೂರನೆಯ ದಿನದಿಂದ ಆರನೆಯ ದಿನದವರೆಗಿನ ವ್ಯಾಪಾರ ಅದು. ನೆನಪಿನಲ್ಲಿ ಇಟ್ಟುಕೊಂಡದ್ದು ಎರಡೇ ಸಂಖ್ಯೆ: ಈಗಿನ ಮೊತ್ತ ಮತ್ತು ಇದುವರೆಗಿನ ಗರಿಷ್ಠ. ಇವೆರಡನ್ನೂ ಬೇರೆಬೇರೆ ಇಡಲೇಬೇಕು, ಇಲ್ಲದಿದ್ದರೆ 12 ಕೈತಪ್ಪಿ ಕೊನೆಯ 8 ಉಳಿಯುತ್ತಿತ್ತು.

ಪೈಥಾನ್‌ನಲ್ಲಿ ಇದು ಇಷ್ಟೇ:

```python
def max_sum(a):
    cur = best = a[0]
    for x in a[1:]:
        cur = max(x, cur + x)
        best = max(best, cur)
    return best
```

ಹೆಚ್ಚಿನವರು ಎಡವುವುದು ಎರಡನೆಯ ಸಾಲಿನಲ್ಲಿ. ಎರಡನ್ನೂ ಸೊನ್ನೆಯಿಂದ ಶುರುಮಾಡಿದರೆ ನಮ್ಮ ಪಟ್ಟಿಗೆ ಸರಿಯಾಗಿಯೇ 12 ಬರುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. -8, -3, -6 ಎಂಬ ಪಟ್ಟಿ ಕೊಟ್ಟು ನೋಡಿ. ಒಂದು ದಿನವನ್ನಾದರೂ ಆರಿಸಲೇಬೇಕೆಂದಿದ್ದರೆ ಉತ್ತರ -3 ಆಗಬೇಕು, ಆ ಪ್ರೋಗ್ರಾಂ ಮಾತ್ರ ಪಟ್ಟಿಯಲ್ಲೇ ಇಲ್ಲದ 0 ಕೊಡುತ್ತದೆ. ಯಾವ ದಿನವನ್ನೂ ಆರಿಸದಿರುವುದಕ್ಕೂ ಅವಕಾಶವಿದ್ದರೆ 0 ಸರಿಯೇ. ಇದನ್ನು ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ವೇಗದ ವ್ಯತ್ಯಾಸ ತೋರಿಸಲು ಬೆಂಟ್ಲಿ ಅಂದಿನ ಸೂಪರ್ ಕಂಪ್ಯೂಟರ್ ಕ್ರೇ-1ಕ್ಕೆ ಅತಿ ನಿಧಾನದ ವಿಧಾನವನ್ನೂ, ಮನೆಬಳಕೆಯ ಪುಟ್ಟ ಟಿಆರ್‌ಎಸ್-80ಗೆ ಕಡೇನ್ ವಿಧಾನವನ್ನೂ ಕೊಟ್ಟು ಹೋಲಿಸಿದರು. ಹತ್ತು ಲಕ್ಷ ಸಂಖ್ಯೆಗಳಿಗೆ ಕ್ರೇ-1ಕ್ಕೆ 95 ವರ್ಷ ಬೇಕು, ಟಿಆರ್‌ಎಸ್-80ಗೆ 5.4 ಗಂಟೆ ಸಾಕು ಎಂಬುದು ಅವರ ಲೆಕ್ಕ.

ಗ್ರೆನಾಂಡರ್ ಅವರ ಮೂಲ ಸಮಸ್ಯೆಗೆ ಮಾತ್ರ ಇದು ಪೂರ್ತಿ ಪರಿಹಾರವಾಗಲಿಲ್ಲ. ಚೌಕದಲ್ಲಿ ಮೇಲಿನ ಅಡ್ಡಸಾಲೊಂದನ್ನೂ ಕೆಳಗಿನದೊಂದನ್ನೂ ಹಿಡಿದು, ನಡುವಿನ ಒಂದೊಂದು ಕಂಬಸಾಲನ್ನೂ ಕೂಡಿ ಒಂದೇ ಪಟ್ಟಿ ಮಾಡಿಕೊಂಡು ಇದೇ ಉಪಾಯ ಬಳಸಬಹುದು. ಆದರೆ ಅಂಥ ಪ್ರತಿಯೊಂದು ಜೋಡಿಗೂ ಹಾಗೆ ಮಾಡಬೇಕಾಗುವುದರಿಂದ, ಚೌಕದ ಬದಿ ಎರಡರಷ್ಟಾದರೆ ಕೆಲಸ ಸುಮಾರು ಎಂಟರಷ್ಟಾಗುತ್ತದೆ. ತಿಳಿದಿದ್ದ ವಿಧಾನಗಳೆಲ್ಲ ಅಷ್ಟು ದುಬಾರಿಯಾಗಿದ್ದರಿಂದ ಗ್ರೆನಾಂಡರ್ ಕೊನೆಗೆ ಆ ದಾರಿಯನ್ನೇ ಕೈಬಿಟ್ಟರು.