ಇಂಟೆಲ್‌ನ ಗಳಿಕೆ ಕರಗಿದ್ದು ಎಲ್ಲಿ?

2021ರಲ್ಲಿ ಇಂಟೆಲ್ ಕಂಪನಿ ಷೇರುದಾರರ ಪ್ರತಿ 100 ಡಾಲರ್ ಬಂಡವಾಳದ ಮೇಲೆ ಹೆಚ್ಚುಕಡಿಮೆ 21 ಡಾಲರ್ ಲಾಭ ಮಾಡಿತ್ತು. ಎರಡೇ ವರ್ಷದಲ್ಲಿ, 2023ರ ಲೆಕ್ಕ ಮುಗಿಯುವ ಹೊತ್ತಿಗೆ, ಆ 21 ಡಾಲರ್ 1 ಡಾಲರ್ 60 ಸೆಂಟ್‌ಗೆ ಇಳಿದಿತ್ತು. ನಮ್ಮೂರಿನ ಬ್ಯಾಂಕಿನ ಉಳಿತಾಯ ಖಾತೆಯೂ ಇದಕ್ಕಿಂತ ಹೆಚ್ಚು ಕೊಡುತ್ತದೆ.

ಷೇರುಪೇಟೆಯವರು ಈ ಲೆಕ್ಕವನ್ನು ಆರ್‌ಒಇ, ಅಂದರೆ ರಿಟರ್ನ್ ಆನ್ ಈಕ್ವಿಟಿ ಎನ್ನುತ್ತಾರೆ. ವರ್ಷದ ನಿವ್ವಳ ಲಾಭವನ್ನು ಷೇರುದಾರರ ಬಂಡವಾಳದಿಂದ ಭಾಗಿಸಿದರೆ ಅದು ಸಿಗುತ್ತದೆ. ಬಂಡವಾಳ ಎಂದರೆ ಅವರು ಹಾಕಿದ ದುಡ್ಡಷ್ಟೇ ಅಲ್ಲ, ಹಂಚದೆ ಕಂಪನಿಯಲ್ಲೇ ಉಳಿಸಿಕೊಂಡ ಹಳೆಯ ಲಾಭವೂ ಸೇರಿ. ಆದರೆ ಆರ್‌ಒಇ ಕುಸಿದಿದೆ ಎಂದು ತಿಳಿದ ಮಾತ್ರಕ್ಕೆ ಏನು ಕೆಟ್ಟಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಆ ಒಂದು ಸಂಖ್ಯೆಯನ್ನು ಬಿಡಿಸಬೇಕು.

ಬಿಡಿಸುವ ದಾರಿಗೆ ನೂರು ವರ್ಷ ದಾಟಿದೆ. ಅಮೆರಿಕದಲ್ಲಿ ಸಿಡಿಮದ್ದು ತಯಾರಿಸುತ್ತಿದ್ದ ಡ್ಯುಪಾಂಟ್ ಕಂಪನಿಯಲ್ಲಿ ಡೊನಾಲ್ಡ್‌ಸನ್ ಬ್ರೌನ್ ಎಂಬಾತ 1910ರ ದಶಕದಲ್ಲಿ ಇದನ್ನು ಹೊಂದಿಸಿದ, ಮುಂದೆ ಜನರಲ್ ಮೋಟಾರ್ಸ್‌ಗೂ ಕೊಂಡೊಯ್ದ. ಅವನ ಲೆಕ್ಕದಲ್ಲಿ ಇದ್ದದ್ದು ಎರಡೇ ಭಾಗ. ಸಾಲದ ಪಾತ್ರ ಹೇಳುವ ಮೂರನೆಯದು ಎಷ್ಟೋ ಕಾಲದ ಮೇಲೆ ಸೇರಿಕೊಂಡಿತು. ಇಂದು ಅದನ್ನು ಬರೆಯುವುದು ಹೀಗೆ:

ಆರ್‌ಒಇ = (ಲಾಭ ÷ ಮಾರಾಟ) × (ಮಾರಾಟ ÷ ಆಸ್ತಿ) × (ಆಸ್ತಿ ÷ ಬಂಡವಾಳ)

ಮಾರಾಟವೂ ಆಸ್ತಿಯೂ ಮೇಲೆ ಕೆಳಗೆ ಹೊಡೆದುಹೋಗುತ್ತವೆ, ಉಳಿಯುವುದು ಲಾಭ ಮತ್ತು ಬಂಡವಾಳ ಮಾತ್ರ. ಮೊದಲನೆಯದು ಮಾರ್ಜಿನ್: ಒಂದು ಡಾಲರ್ ವ್ಯಾಪಾರವಾದರೆ ಕೈಯಲ್ಲಿ ಎಷ್ಟು ಉಳಿಯಿತು. ಎರಡನೆಯದು ಆಸ್ತಿಯ ವಹಿವಾಟು: ಕಟ್ಟಡ, ಯಂತ್ರ, ಸರಕು, ನಗದು ಎಲ್ಲ ಸೇರಿದ ಆಸ್ತಿಯ ಪ್ರತಿ ಡಾಲರ್ ವರ್ಷಕ್ಕೆ ಎಷ್ಟು ವ್ಯಾಪಾರ ತಂದಿತು. ಮೂರನೆಯದು ಲಿವರೇಜ್: ಸ್ವಂತ ಬಂಡವಾಳದ ಎಷ್ಟು ಪಟ್ಟು ಆಸ್ತಿಯನ್ನು ಕಂಪನಿ ಕೂಡಿಹಾಕಿಕೊಂಡಿದೆ. ಮಿಕ್ಕಿದ್ದು ಸಾಲ, ಬಾಕಿ ಇತ್ಯಾದಿ ಹೊರಗಿನವರ ದುಡ್ಡು. ಕಿರಾಣಿ ಅಂಗಡಿಯವರು ಕಡಿಮೆ ಮಾರ್ಜಿನ್‌ನಲ್ಲಿ ಸರಕು ಬೇಗ ಬೇಗ ತಿರುಗಿಸಿ ಬದುಕುತ್ತಾರೆ, ಒಡವೆ ಅಂಗಡಿಯವರು ನಿಧಾನವಾಗಿ ತಿರುಗಿಸಿ ಒಂದೊಂದರಲ್ಲೂ ಹೆಚ್ಚು ಉಳಿಸಿಕೊಳ್ಳುತ್ತಾರೆ. ಇಬ್ಬರ ಆರ್‌ಒಇ ಒಂದೇ ಇರಬಹುದು, ಕಾಯಿಲೆ ಬಂದರೆ ಮಾತ್ರ ಬೇರೆ ಬೇರೆ ಜಾಗಕ್ಕೆ.

ಈಗ ಇಂಟೆಲ್‌ನ ಲೆಕ್ಕ. 2021ರಲ್ಲಿ ಮಾರಾಟ ಸುಮಾರು 7,900 ಕೋಟಿ ಡಾಲರ್, ನಿವ್ವಳ ಲಾಭ 1,987 ಕೋಟಿ. ವರ್ಷದ ಕೊನೆಗೆ ಆಸ್ತಿ 16,840 ಕೋಟಿ, ಷೇರುದಾರರ ಬಂಡವಾಳ 9,540 ಕೋಟಿ. ಅಂದರೆ ಮಾರ್ಜಿನ್ ಶೇ 25, ವಹಿವಾಟು 0.47, ಲಿವರೇಜ್ 1.77. 2023ರಲ್ಲಿ ಮಾರಾಟ 5,420 ಕೋಟಿಗೆ, ಲಾಭ 169 ಕೋಟಿಗೆ ಇಳಿಯಿತು. ಆಸ್ತಿ ಮಾತ್ರ 19,160 ಕೋಟಿಗೂ ಬಂಡವಾಳ 10,560 ಕೋಟಿಗೂ ಏರಿತು. ಮಾರ್ಜಿನ್ ಶೇ 3.1, ವಹಿವಾಟು 0.28, ಲಿವರೇಜ್ 1.81.

ಮೂರನೆಯದನ್ನು ಮೊದಲೇ ಬದಿಗಿಡೋಣ. ಇಂಟೆಲ್‌ನ ಸಾಲ ಈ ಅವಧಿಯಲ್ಲಿ ಸಾವಿರ ಕೋಟಿ ಡಾಲರಿಗೂ ಹೆಚ್ಚು ಬೆಳೆದದ್ದು ನಿಜ, ಆದರೆ ಬಂಡವಾಳವೂ ಜೊತೆಗೇ ಬೆಳೆದದ್ದರಿಂದ ಅನುಪಾತ ಇದ್ದಲ್ಲೇ ಇದೆ. ಸಾಲದಿಂದ ಮುಳುಗಿದ ಕಥೆ ಇದಲ್ಲ. ಸಾಲ ತೆಗೆದು ಆರ್‌ಒಇಯನ್ನು ಎತ್ತಿ ನಿಲ್ಲಿಸಿದ ಚಮತ್ಕಾರವೂ ಇದಲ್ಲ. ಕೆಲವು ಕಂಪನಿಗಳಲ್ಲಿ ಮಾರ್ಜಿನ್ ಸವೆಯುತ್ತಿದ್ದರೂ ಸಾಲ ಮಾಡಿ ಷೇರು ಮರುಖರೀದಿಸಿ ಬಂಡವಾಳವನ್ನೇ ಕುಗ್ಗಿಸುವುದರಿಂದ ಆರ್‌ಒಇ ನೋಡಲು ಚೆನ್ನಾಗಿರುತ್ತದೆ. ಅಂಥಲ್ಲಿ ಈ ಮೂರನೆಯ ಅಂಕಿಯೇ ಗುಟ್ಟು ಬಿಟ್ಟುಕೊಡುತ್ತದೆ.

ಉಳಿದ ಎರಡರಲ್ಲಿ ಯಾರ ಪಾಲು ಎಷ್ಟು? ಒಂದನ್ನು ಹಳೆಯ ಮಟ್ಟಕ್ಕೆ ಮರಳಿಸಿ ಮತ್ತೆ ಗುಣಿಸಿ ನೋಡಿದರೆ ಸಾಕು. 2023ರ ವಹಿವಾಟನ್ನೂ ಲಿವರೇಜನ್ನೂ ಹಾಗೇ ಬಿಟ್ಟು ಮಾರ್ಜಿನ್ ಮಾತ್ರ ಶೇ 25 ಇದ್ದಿದ್ದರೆ ಆರ್‌ಒಇ ಶೇ 13ರ ಹತ್ತಿರ ಇರುತ್ತಿತ್ತು. ಅದೇ ವಹಿವಾಟನ್ನು ಮಾತ್ರ 0.47ಕ್ಕೆ ಮರಳಿಸಿದರೆ ಸಿಗುವುದು ಶೇ 2.6. ದೊಡ್ಡ ಪಾಲು ಮಾರ್ಜಿನ್ನಿನದೇ.

ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಂಡು ಎದ್ದುಬಿಡುವವರೇ ಹೆಚ್ಚು. ಆದರೆ ಮಾರ್ಜಿನ್ನೂ ವಹಿವಾಟೂ ಒಂದಕ್ಕೊಂದು ಸಂಬಂಧವಿಲ್ಲದವಲ್ಲ, ಚಿಪ್ ಕಾರ್ಖಾನೆಯಲ್ಲಂತೂ ಅಲ್ಲವೇ ಅಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೂ ಲ್ಯಾಪ್‌ಟಾಪ್ ಬಂದಾದ ಮೇಲೆ 2022ರಲ್ಲಿ ಬೇಡಿಕೆ ಕುಸಿಯಿತು. ಸರ್ವರ್ ಚಿಪ್‌ಗಳಲ್ಲಿ ಎಎಂಡಿ ಪಾಲು ಕಿತ್ತುಕೊಳ್ಳುತ್ತಿತ್ತು. ಮಾರಾಟ ಇಳಿದರೂ ಯಂತ್ರಗಳ ಸವಕಳಿ, ಎಂಜಿನಿಯರುಗಳ ಸಂಬಳ, ಸಂಶೋಧನೆಯ ಖರ್ಚು ಇಳಿಯುವುದಿಲ್ಲ. ಅದೇ ಖರ್ಚು ಕಡಿಮೆ ಚಿಪ್‌ಗಳ ಮೇಲೆ ಬೀಳುತ್ತದೆ. ಹೀಗೆ ಮಾರಾಟದ ಒಂದೇ ಇಳಿತ ವಹಿವಾಟನ್ನೂ ತಗ್ಗಿಸಿತು, ಮಾರ್ಜಿನ್ನನ್ನೂ ತಿಂದಿತು.

ವಹಿವಾಟು ಇಳಿದದ್ದಕ್ಕೆ ಇನ್ನೊಂದು ಮುಖವಿದೆ. 2021ರ ಆರಂಭದಲ್ಲಿ ಮುಖ್ಯಸ್ಥರಾಗಿ ಬಂದ ಪ್ಯಾಟ್ ಗೆಲ್ಸಿಂಗರ್ ಅರಿಜೋನಾದಲ್ಲಿ, ಆಮೇಲೆ ಒಹಾಯೋದಲ್ಲಿ ಹೊಸ ಕಾರ್ಖಾನೆಗಳನ್ನು ಘೋಷಿಸಿದರು. ಕಟ್ಟಡ ಮತ್ತು ಯಂತ್ರಗಳ ಮೌಲ್ಯ ಎರಡು ವರ್ಷದಲ್ಲಿ 6,320 ಕೋಟಿಯಿಂದ 9,660 ಕೋಟಿ ಡಾಲರಿಗೆ ಏರಿತು. ಅದರಲ್ಲಿ ದೊಡ್ಡ ಭಾಗ ಆಗ ಇನ್ನೂ ಕಟ್ಟುತ್ತಿದ್ದ ಕಾರ್ಖಾನೆ: ಒಂದು ಚಿಪ್ಪೂ ಹೊರಬಂದಿರಲಿಲ್ಲ, ಆದರೂ ಭಾಜಕದಲ್ಲಿ ಕೂತಿತ್ತು. 0.28 ಎಂಬುದು ಸೋಮಾರಿ ಆಸ್ತಿಯ ಗುರುತೋ, ನಾಳೆಯ ಫಸಲಿಗಾಗಿ ಇಂದು ಮಾಡಿದ ಖರ್ಚೋ ಎಂಬುದನ್ನು ಸೂತ್ರ ಹೇಳಲಾರದು. ಅದಕ್ಕೆ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ನಿರ್ಮಾಣ ಹಂತದ ಆಸ್ತಿ ಎಷ್ಟು ಎಂದು ಹುಡುಕಬೇಕು.

ಟಿಪ್ಪಣಿಗಳಿಗೆ ಇಳಿದವರಿಗೆ ಮಾರ್ಜಿನ್ನಿನ ಒಳಗೂ ಕೆಲವು ಸಂಗತಿ ಕಾಣುತ್ತವೆ. ಶೇ 3.1 ಎಂಬುದೇ ಕೊಂಚ ಮೇಕಪ್ ಮಾಡಿಕೊಂಡ ಸಂಖ್ಯೆ. 2023ರಲ್ಲಿ ಇಂಟೆಲ್‌ನ ಕಾರ್ಯಾಚರಣೆಯ ಲಾಭ ಬರೀ 9.3 ಕೋಟಿ ಡಾಲರ್, ತೆರಿಗೆಗೆ ಮುಂಚಿನ ಲಾಭ 76 ಕೋಟಿ. ನಿವ್ವಳ ಲಾಭ ಇವೆರಡಕ್ಕಿಂತ ಹೆಚ್ಚಾದದ್ದು ಹೇಗೆ? ಆ ವರ್ಷ ಲೆಕ್ಕದಲ್ಲಿ ತೆರಿಗೆ ಖರ್ಚಾಗುವ ಬದಲು 91 ಕೋಟಿ ಡಾಲರ್ ಆದಾಯವಾಗಿ ಬಂದಿತ್ತು.

ಸವಕಳಿಯದು ಇನ್ನೂ ದೊಡ್ಡ ಕಥೆ. 2023ರ ಜನವರಿಯಲ್ಲಿ ಕಂಪನಿ ತನ್ನ ಕೆಲವು ಉತ್ಪಾದನಾ ಯಂತ್ರಗಳ ಆಯಸ್ಸನ್ನು ಐದು ವರ್ಷದಿಂದ ಎಂಟು ವರ್ಷಕ್ಕೆ ಏರಿಸಿತು. ಬೆಲೆಯನ್ನು ಹೆಚ್ಚು ವರ್ಷಕ್ಕೆ ಹಂಚಿದರೆ ವರ್ಷದ ಸವಕಳಿ ತಗ್ಗುತ್ತದೆ. ಆ ವರ್ಷ ಸುಮಾರು 420 ಕೋಟಿ ಡಾಲರ್ ತಗ್ಗುತ್ತದೆಂದು ಕಂಪನಿಯೇ ಅಂದಾಜಿಸಿತ್ತು, ಅದರಲ್ಲಿ ಸುಮಾರು 300 ಕೋಟಿ ನೇರ ಲಾಭಕ್ಕೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಆದರೆ 9.3 ಕೋಟಿ ಲಾಭದ ಪಕ್ಕ ಈ ಅಂಕಿಯನ್ನು ಇಟ್ಟು ನೋಡಿ: ಹಳೆಯ ಲೆಕ್ಕದಲ್ಲಿ ಅದು ದೊಡ್ಡ ನಷ್ಟದ ವರ್ಷ. ಅದಕ್ಕೇ ಹೋಲಿಕೆ ಮಾಡುವವರು ಮಾರ್ಜಿನ್ನನ್ನು ಮತ್ತೆ ಒಡೆದು ತೆರಿಗೆ, ಬಡ್ಡಿ, ಕಾರ್ಯಾಚರಣೆ ಎಂದು ಐದು ಭಾಗದ ಲೆಕ್ಕ ಮಾಡುತ್ತಾರೆ.

ಮುಂದಿನ ವರ್ಷ ಈ ಎರಡೂ ಆಸರೆಗಳು ಕೈಕೊಟ್ಟವು. 2024ರ ಮೂರನೇ ತ್ರೈಮಾಸಿಕದಲ್ಲಿ ಇಂಟೆಲ್ ಬಹುಪಾಲು ತನ್ನ ‘ಇಂಟೆಲ್ 7’ ತಂತ್ರಜ್ಞಾನದ ಯಂತ್ರಗಳಿಗೆ ಸಂಬಂಧಿಸಿದಂತೆ 310 ಕೋಟಿ ಡಾಲರ್ ಮೌಲ್ಯವನ್ನು ಒಂದೇ ಏಟಿಗೆ ಇಳಿಸಿತು. ಮುಂದೆ ಬಳಸಿಕೊಳ್ಳಬಹುದೆಂದು ಆಸ್ತಿಯಾಗಿ ತೋರಿಸಿಕೊಂಡಿದ್ದ ತೆರಿಗೆ ಲಾಭದ ಮೇಲೆ 990 ಕೋಟಿ ಡಾಲರಿನಷ್ಟು ಕಡಿತ ಹಾಕಿಕೊಂಡಿತು. ವರ್ಷದ ಒಟ್ಟು ನಷ್ಟ ಸುಮಾರು 1,880 ಕೋಟಿ ಡಾಲರ್. ಮಾರಾಟ ಆ ವರ್ಷ ಹೆಚ್ಚೇನೂ ಕುಸಿದಿರಲಿಲ್ಲ, 5,310 ಕೋಟಿ ಇತ್ತು. ವಹಿವಾಟು ಮತ್ತು ಲಿವರೇಜ್ ಹಿಂದಿನ ವರ್ಷದ ಆಸುಪಾಸಿನಲ್ಲೇ ಇದ್ದವು. ಶೇ 19ರಷ್ಟು ಮೈನಸ್ ಬಂದ ಆರ್‌ಒಇ ಪೂರ್ತಿಯಾಗಿ ಮಾರ್ಜಿನ್ ಕಾಲಂನದು.